ಒಂದು ‘ಯು’ ಅಕ್ಷರದ ಇತಿಹಾಸ



ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗಳು ಒಂದು ಸಂಜೆ ನಾಲ್ಕು ಹಾಳೆಗಳನ್ನು ಹಿಡಿದುಕೊಂಡು ಮನೆಗೆ ಬಂದಳು. ಆಕೆ ಇಲ್ಲಿಯೇ ಮುದ್ದೇಬಿಹಾಳದಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ‘ನಮ್ಮೂರಿನ ಒಂದು ಹಬ್ಬ’ ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಶಾಲೆಯಲ್ಲಿ ಹೇಳಿದ್ದರು. ಆಕೆ ಎಳ್ಳ ಅಮಾವಾಸ್ಯೆಯನ್ನು ಆರಿಸಿಕೊಂಡಿದ್ದಳು. ಹೊಲಕ್ಕೆ ಬಂಡಿ ಕಟ್ಟಿಕೊಂಡು ಹೋಗುವುದು, ನಿಂತ ಜೋಳದ ಬೆಳೆಯಲ್ಲಿ ಚರಗ ಚೆಲ್ಲುವುದು, ಸಜ್ಜೆಯ ಕಡಬು, ಶೇಂಗಾದ ಹೋಳಿಗೆ, ನೆರೆಹೊರೆಯವರೊಡನೆ ಕುಳಿತು ಉಣ್ಣುವುದು, ಎಲ್ಲವನ್ನೂ ಬರೆದಿದ್ದಳು. ತನ್ನ ಇಂಗ್ಲಿಷಿನ ಮೇಲೆ ನಂಬಿಕೆ ಸಾಲದೆ ಅದನ್ನು ಅಮೆರಿಕದ ಟೆಕ್ಸಾಸಿನಲ್ಲಿರುವ ತನ್ನ ಕಾಕಾನ ಮಗನಿಗೆ ಈಮೇಲ್ ಮಾಡಿ ತಿದ್ದಿಸಿಕೊಂಡಿದ್ದಳು. ಆ ಹುಡುಗ ಹುಟ್ಟಿ ಬೆಳೆದದ್ದು ಅಲ್ಲಿಯೇ. ಬಹಳ ಪ್ರೀತಿಯಿಂದ ಸಾಲು ಸಾಲನ್ನೂ ತಿದ್ದಿ ಕಳುಹಿಸಿದ್ದ.

“ಮುತ್ಯಾ, ಅಣ್ಣ ಕಳಿಸಿದ್ದು ಛಲೋ ಐತಿ. ಆದ್ರ ನಮ್ಮ ಪುಸ್ತಕದಾಗ ಇದ್ದಂಗ ಇಲ್ಲ. ಹಿಂಗ ಬರದ್ರ ಟೀಚರ್ ಕೆಂಪು ಗೆರಿ ಹೊಡೀತಾರ. ನಂಗ ಬ್ರಿಟಿಷ್ ಇಂಗ್ಲಿಷ್‌ನ್ಯಾಗ ಬರದು ಕಳಸು ಅಂತ ಅವಂಗ ಹೆಂಗ ಹೇಳ್ಲಿ? ಸಿಟ್ಟಾಗಾಂಗಿಲ್ಲೇನು?” ಎಂದಳು.

ಸಿಟ್ಟಾಗಲಾರ ಎಂದೆ. ಆದರೆ ‘ಬ್ರಿಟಿಷ್ ಇಂಗ್ಲಿಷಿನಲ್ಲಿ ಬರೆ’ ಎಂದಷ್ಟೇ ಹೇಳಿದರೆ ಆ ಹುಡುಗ ಏನು ಮಾಡಬೇಕು? ಅವನು ಬ್ರಿಟನ್ನನ್ನೂ ಕಂಡವನಲ್ಲ. ಕೇಳುವವಳಿಗೇ ತಾನು ಕೇಳುತ್ತಿರುವುದೇನೆಂದು ತಿಳಿದಿರಬೇಕು. ಹೀಗಾಗಿ ಆ ನಾಲ್ಕು ಹಾಳೆಗಳನ್ನು ಮುಂದಿಟ್ಟುಕೊಂಡು ಎರಡು ಸಂಜೆ ಕುಳಿತೆವು. ಆಗ ನಾನು ಆಕೆಗೆ ಹೇಳಿದ್ದನ್ನೂ, ಆ ನೆವದಲ್ಲಿ ನನಗೆ ನೆನಪಾದ ನನ್ನದೇ ಒಂದು ತಪ್ಪನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಆ ಜಗಳದ ಅಕ್ಷರವನ್ನೇ ನೋಡೋಣ. ಬಣ್ಣ ಎಂಬರ್ಥದ ಕಲರ್ ಶಬ್ದವನ್ನು ನಾವು ಸಿ, ಓ, ಎಲ್, ಓ, ಯು, ಆರ್ ಎಂದು ಆರು ಅಕ್ಷರಗಳಲ್ಲಿ ಬರೆಯುತ್ತೇವೆ. ಅಮೆರಿಕದವರು ನಡುವಿನ ಯು ಬಿಟ್ಟು ಐದರಲ್ಲಿ ಮುಗಿಸುತ್ತಾರೆ. ನೇಬರ್, ಲೇಬರ್, ಆನರ್, ಫೇವರ್ ಶಬ್ದಗಳಿಗೂ ಇದೇ ಗತಿ. ಮೂಲ ಶುದ್ಧ ರೂಪ ಬ್ರಿಟಿಷರದು, ಅಮೆರಿಕದವರು ಅದನ್ನು ಕೆಡಿಸಿದರು ಎಂದೇ ನಮ್ಮಲ್ಲಿ ಬಹುಜನರ ತಿಳುವಳಿಕೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ಸಂಗತಿ ಹಾಗಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ಯು ಇರಲೇ ಇಲ್ಲ. ನಾರ್ಮನ್ ಫ್ರೆಂಚರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಭಾಷೆಯ ಮೂಲಕ ಬಂದಾಗ ಯು ಅಂಟಿಕೊಂಡಿತು. ಮುಂದೆ ಶತಮಾನಗಳ ಕಾಲ ಇಂಗ್ಲಿಷರೇ ಎರಡೂ ಬಗೆಯಲ್ಲಿ ಬರೆಯುತ್ತಿದ್ದರು. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಟಕಗಳ ಮೊದಲ ಸಂಪುಟದಲ್ಲಿ ಆನರ್ ಶಬ್ದವು ಯು ಸಹಿತವೂ ಇದೆ, ಯು ರಹಿತವೂ ಇದೆ.

ಈ ಗೊಂದಲಕ್ಕೆ ಇಂಗ್ಲೆಂಡಿನಲ್ಲಿ ಒಂದು ನೆಲೆ ಒದಗಿಸಿದವನು ಡಾ. ಸ್ಯಾಮ್ಯುಯಲ್ ಜಾನ್ಸನ್. ಅವನ ದೊಡ್ಡ ನಿಘಂಟು 1755ರಲ್ಲಿ ಪ್ರಕಟವಾಯಿತು. ಇಂಥ ಶಬ್ದಗಳು ನಮಗೆ ಫ್ರೆಂಚಿನಿಂದ ಬಂದವು ಎಂಬ ಭಾವನೆಯಿಂದ ಅವನು ಯು ಇರುವ ರೂಪಗಳ ಕಡೆಗೆ ವಾಲಿದನು. ಎಷ್ಟರಮಟ್ಟಿಗೆಂದರೆ ಎರರ್, ಹಾರರ್, ಗವರ್ನರ್, ಎಂಪರರ್ ಶಬ್ದಗಳಿಗೂ ಅವನ ನಿಘಂಟಿನಲ್ಲಿ ಯು ಇದೆ. ಮ್ಯೂಸಿಕ್ ಶಬ್ದದ ಕೊನೆಗೆ ಕೆ ಕೂಡ ಇದೆ. ಇಂದು ಲಂಡನ್ನಿನ ಯಾವ ಶಾಲೆಯಲ್ಲಾದರೂ ಗವರ್ನರ್ ಶಬ್ದಕ್ಕೆ ಯು ಹಾಕಿದರೆ ತಪ್ಪೆನ್ನುತ್ತಾರೆ. ಅಂದರೆ ಜಾನ್ಸನನ ಕೆಲವು ಯು ಅಕ್ಷರಗಳನ್ನು ಬ್ರಿಟಿಷರೇ ಮುಂದೆ ತೆಗೆದುಹಾಕಿದರು, ಕೆಲವನ್ನು ಉಳಿಸಿಕೊಂಡರು. ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದಕ್ಕೆ ನಿಯಮವಿಲ್ಲ. ರೂಢಿಯೇ ನಿಯಮ.

ಅಮೆರಿಕದ ಕಡೆಯ ಕಥೆಯ ನಾಯಕ ನಮ್ಮ ವೃತ್ತಿಯವನೇ ಆದ ಒಬ್ಬ ಶಾಲಾ ಮಾಸ್ತರ. ಹೆಸರು ನೋವಾ ವೆಬ್‌ಸ್ಟರ್. 1758ರಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿ ಹುಟ್ಟಿದವನು. ಇಂಗ್ಲೆಂಡಿನಿಂದ ಬಂದ ಪುಸ್ತಕಗಳನ್ನಿಟ್ಟುಕೊಂಡು ಪಾಠ ಹೇಳಿ ಬೇಸತ್ತು, ಅಮೆರಿಕ ಸ್ವತಂತ್ರವೆಂದು ಒಪ್ಪಂದವಾದ 1783ರಲ್ಲಿಯೇ ಮಕ್ಕಳಿಗಾಗಿ ತನ್ನದೇ ಒಂದು ಕಾಗುಣಿತದ ಪುಸ್ತಕವನ್ನು ಅಚ್ಚು ಹಾಕಿಸಿದನು. ನೀಲಿ ರಟ್ಟಿನ ಆ ಪುಸ್ತಕ ಮುಂದಿನ ನೂರು ವರ್ಷಗಳಲ್ಲಿ ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ತಮಾಷೆಯೆಂದರೆ ಮೊದಮೊದಲು ಅವನು ಯು ತೆಗೆಯುವುದಕ್ಕೆ ವಿರುದ್ಧವಾಗಿದ್ದ! ಆಮೇಲೆ ಮನಸ್ಸು ಬದಲಾಯಿತು. 1789ರಲ್ಲಿ ಬರೆದ ಒಂದು ಲೇಖನದಲ್ಲಿ ಅವನು ಕೊಟ್ಟ ಕಾರಣಗಳಲ್ಲಿ ಒಂದನ್ನು ಕೇಳಿದರೆ ನಮ್ಮ ಯಾವ ವ್ಯಾಪಾರಿಯೂ ತಲೆದೂಗಬೇಕು. ನಮ್ಮ ಸ್ಪೆಲ್ಲಿಂಗ್ ಇಂಗ್ಲೆಂಡಿನದಕ್ಕಿಂತ ಬೇರೆಯಾದರೆ ಇಂಗ್ಲಿಷರು ನಮ್ಮಂತೆ ಅಚ್ಚು ಮಾಡಲಾರರು, ಆಗ ನಮ್ಮ ಪುಸ್ತಕಗಳು ನಮ್ಮ ದೇಶದಲ್ಲಿಯೇ ಅಚ್ಚಾಗಬೇಕಾಗುತ್ತದೆ ಎಂಬುದು ಅವನ ವಾದ. ಅಕ್ಷರ ಕಡಿಮೆಯಾದರೆ ಕಾಗದವೂ ಉಳಿಯುತ್ತದೆ, ಮಕ್ಕಳಿಗೂ ಸುಲಭ ಎಂದೂ ಹೇಳಿದನು. ಸುಮಾರು 70,000 ಶಬ್ದಗಳ ಅವನ ದೊಡ್ಡ ನಿಘಂಟು 1828ರಲ್ಲಿ ಹೊರಬಂತು. ಅಲ್ಲಿ ಕಲರ್ ಶಬ್ದಕ್ಕೆ ಯು ಇಲ್ಲ. ಸೆಂಟರ್ ಶಬ್ದದ ಕೊನೆಗೆ ಆರ್-ಇ ಬದಲು ಇ-ಆರ್ ಬಂದಿದೆ. ನಾಲಿಗೆ ಎಂಬರ್ಥದ ಟಂಗ್ ಶಬ್ದವನ್ನು ಟಿ, ಯು, ಎನ್, ಜಿ ಎಂದು ನಾಲ್ಕೇ ಅಕ್ಷರಗಳಲ್ಲಿ ಬರೆಯಬೇಕೆಂದು ಕೂಡ ಅವನು ಹಟ ಹಿಡಿದಿದ್ದ. ಅದನ್ನು ಅವನ ದೇಶದವರೇ ಕೇಳಲಿಲ್ಲ. ಆದ್ದರಿಂದ ವೆಬ್‌ಸ್ಟರ್ ಹೊಸದನ್ನು ಸೃಷ್ಟಿಸಿದ ಎನ್ನುವುದಕ್ಕಿಂತ, ಇಂಗ್ಲಿಷಿನಲ್ಲಿ ಮೊದಲೇ ಇದ್ದ ಎರಡು ರೂಪಗಳಲ್ಲಿ ಒಂದನ್ನು ಆರಿಸಿದ ಎನ್ನುವುದೇ ಸರಿ. ಜಾನ್ಸನ್ ಮತ್ತೊಂದನ್ನು ಆರಿಸಿದ್ದ.

ನಾವು ಏನನ್ನೂ ಆರಿಸಲಿಲ್ಲ. ನಮಗೆ ಅದು ರಾಜ್ಯದೊಡನೆ ಬಂತು. 1818ರಲ್ಲಿ ಪೇಶ್ವೆಯವರು ಸೋತ ಮೇಲೆ ಬಿಜಾಪುರದ ಸೀಮೆ ಸಾತಾರೆಯ ರಾಜರ ಕೈಗೆ ಹೋಗಿ, 1848ರಲ್ಲಿ ಆ ಸಂಸ್ಥಾನ ಮುಗಿದಾಗ ಮುಂಬಯಿ ಇಲಾಖೆಗೆ ಸೇರಿತು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾಯಿತು. ಅಂದಿನಿಂದ ನಮ್ಮ ಕಡೆಯ ಹುಡುಗರು ಮೆಟ್ರಿಕ್ ಪಾಸಾಗಬೇಕಾದರೆ ಆ ವಿಶ್ವವಿದ್ಯಾಲಯದವರು ಸರಿ ಎಂದ ಇಂಗ್ಲಿಷನ್ನೇ ಬರೆಯಬೇಕಾಗಿತ್ತು. ನಮ್ಮ ಪೀಳಿಗೆಯ ಎಲ್ಲ ಮಾಸ್ತರರ ಮೇಜಿನ ಮೇಲೂ ಇದ್ದ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣವನ್ನು ನೆನಪಿಸಿಕೊಳ್ಳಿ. ಅದರ ಒಬ್ಬ ಕರ್ತೃವಾದ ಪಿ. ಸಿ. ರೆನ್ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿಯೇ ಸೇವೆ ಸಲ್ಲಿಸಿದವನು. 1930ರ ದಶಕದಲ್ಲಿ ಬಂದ ಆ ಪುಸ್ತಕ ಪರಿಷ್ಕರಣಗೊಳ್ಳುತ್ತ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. 1956ರ ನವೆಂಬರ್ 1ರಂದು ನಾವು ಮುಂಬಯಿಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯ ಬದಲಾಯಿತು, ಯು ಬದಲಾಗಲಿಲ್ಲ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿಯೂ ಲೇಬರ್ ಶಬ್ದಕ್ಕೆ ಯು ಇದೆ. ಡಿಫೆನ್ಸ್ ಶಬ್ದದಲ್ಲಿ ಅಮೆರಿಕದ ಎಸ್ ಇಲ್ಲ, ಸಿ ಇದೆ. ಹೀಗಿರುವಾಗ ಶಾಲೆಯ ಪ್ರಬಂಧದಲ್ಲಿ ಆ ರೂಪವನ್ನೇ ಕೇಳುವುದು ಆಂಗ್ಲರ ಮೇಲಿನ ಮೋಹವೇನೂ ಅಲ್ಲ. ಇಲ್ಲಿನ ಪಠ್ಯಪುಸ್ತಕ, ಇಲ್ಲಿನ ಕಾನೂನು, ಇಲ್ಲಿನ ಪತ್ರಿಕೆ ಎಲ್ಲವೂ ಅದರಲ್ಲಿವೆ. ಅಷ್ಟೇ ಸಂಗತಿ.

ಇನ್ನು ಹುಡುಗಿಯ ಹಾಳೆಗಳಿಗೆ ಬರೋಣ. ಮೊದಲ ಹಾಳೆಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವವು ಇದ್ದವು. ನೆರೆಯವರ ನೇಬರ್ ಶಬ್ದಕ್ಕೆ ಯು ಇರಲಿಲ್ಲ. ನೇಗಿಲಿನ ಪ್ಲೌ ಶಬ್ದ ಓ-ಡಬ್ಲ್ಯುನಲ್ಲಿ ಮುಗಿದಿತ್ತು. ನಮ್ಮಲ್ಲಿ ಅದು ಓ, ಯು, ಜಿ, ಎಚ್. ಬೂದುಬಣ್ಣದ ಗ್ರೇ ಶಬ್ದದಲ್ಲಿ ಇ ಬದಲು ಎ ಬಂದಿತ್ತು. ಕಿಲೋಮೀಟರ್ ಇ-ಆರ್‌ನಲ್ಲಿ ಮುಗಿದಿತ್ತು. ಬಂಡಿಯಲ್ಲಿ ಹೋದೆವು ಎಂಬಲ್ಲಿ ಟ್ರಾವೆಲ್ಡ್ ಶಬ್ದಕ್ಕೆ ಒಂದೇ ಎಲ್ ಇತ್ತು, ನಮಗೆ ಎರಡು ಬೇಕು.

ಹುಡುಗಿ ಚುರುಕು. ಕೂಡಲೇ ತನ್ನದೇ ಸೂತ್ರ ಕಟ್ಟಿದಳು. “ಅಂದ್ರ ಓ-ಆರ್ ಇದ್ದಲ್ಲೆಲ್ಲ ಓ-ಯು-ಆರ್ ಹಾಕಿದ್ರಾತು. ಒಂದ ಎಲ್ ಇದ್ದಲ್ಲಿ ಎರಡು. ಕಂಪ್ಯೂಟರ್‌ಗೆ ಹೇಳಿದ್ರ ಒಂದ ಏಟಿಗೆ ಮಾಡ್ತೈತಿ.” ಎಲ್ಲರೂ ಎಡವುವುದು ಇಲ್ಲಿಯೇ. ಹಾಗೆ ಮಾಡಿದರೆ ಡಾಕ್ಟರನಿಗೂ ಯು ಬರುತ್ತದೆ, ‘ಗಾಗಿ’ ಎಂಬರ್ಥದ ಫಾರ್ ಶಬ್ದ ನಾಲ್ಕು ಎಂಬ ಅಂಕಿಯಾಗಿ ಕೂಡುತ್ತದೆ! ಅಲ್ಲದೆ ಯು ಉಳಿಸಿಕೊಂಡ ಶಬ್ದಗಳೂ ತಮ್ಮ ಇಡೀ ಬಳಗದಲ್ಲಿ ಅದನ್ನು ಉಳಿಸಿಕೊಳ್ಳುವುದಿಲ್ಲ. ಹ್ಯೂಮರ್ ಶಬ್ದಕ್ಕೆ ಯು ಬೇಕು, ಹ್ಯೂಮರಸ್ ಆದಾಗ ಬೇಡ. ಲೇಬರ್‌ಗೆ ಬೇಕು, ಲೆಬೋರಿಯಸ್‌ಗೆ ಬೇಡ. ಆನರ್‌ಗೆ ಬೇಕು, ಆನರಬಲ್‌ಗೂ ಬೇಕು, ಆನರರಿಗೆ ಮಾತ್ರ ಬೇಡ. ಲ್ಯಾಟಿನ್ನಿನ ಬಾಲ ಹತ್ತಿದೊಡನೆ ಶಬ್ದ ತನ್ನ ಲ್ಯಾಟಿನ್ ರೂಪಕ್ಕೆ ಮರಳುವುದೇ ಇದಕ್ಕೆ ಕಾರಣ. ಏಬಲ್, ಹುಡ್ ಮೊದಲಾದ ಬಾಲಗಳು ಬಂದಾಗ ಯು ಅಲುಗಾಡುವುದಿಲ್ಲ. ಅಳತೆಯ ಮೀಟರ್ ಆರ್-ಇ ಆದರೂ, ಮನೆಯ ಗೋಡೆಯ ಮೇಲಿನ ಕರೆಂಟಿನ ಮೀಟರ್ ಬ್ರಿಟನ್ನಿನಲ್ಲಿಯೂ ಇ-ಆರ್. ಎಲ್ ಅಕ್ಷರದ ಸಂಗತಿಯಂತೂ ಕೆಲವೆಡೆ ತಲೆಕೆಳಗು. ಸ್ಕಿಲ್‌ಫುಲ್, ಫುಲ್‌ಫಿಲ್, ಎನ್‌ರೋಲ್ ಶಬ್ದಗಳಲ್ಲಿ ಅಮೆರಿಕದವರೇ ಹೆಚ್ಚಿನ ಎಲ್ ಹಾಕುವವರು, ಬ್ರಿಟಿಷರದು ಒಂದು ಕಡಿಮೆ. ಆದ್ದರಿಂದ ಸೂತ್ರ ಕಟ್ಟಿ ಒಂದೇ ಏಟಿಗೆ ಬದಲಾಯಿಸುವ ಕೆಲಸ ಬೇಡ, ಒಂದೊಂದೇ ಶಬ್ದ ನೋಡು ಎಂದೆ. ಹೆಸರುಗಳನ್ನು ಮುಟ್ಟಲೇಬಾರದು. ಪರ್ಲ್ ಹಾರ್ಬರ್ ಒಂದು ಊರಿನ ಹೆಸರು, ಅದಕ್ಕೆ ನಾವು ಯು ಸೇರಿಸುವ ಹಾಗಿಲ್ಲ. ಆಸ್ಟ್ರೇಲಿಯಾದವರು ಲೇಬರ್ ಶಬ್ದಕ್ಕೆ ಯು ಹಾಕಿಯೇ ಬರೆಯುತ್ತಾರೆ, ಆದರೆ ಅವರ ಲೇಬರ್ ಪಕ್ಷದ ಹೆಸರಿನಲ್ಲಿ 1912ರಿಂದ ಯು ಇಲ್ಲ!

ಎರಡನೆಯ ಹಾಳೆಯಲ್ಲಿ ನನ್ನ ತಪ್ಪು ಕಾದಿತ್ತು. ‘ಅರಿತುಕೊಂಡೆ’ ಎಂಬಲ್ಲಿ ಹುಡುಗ ರಿಯಲೈಸ್ ಶಬ್ದವನ್ನು ಝಡ್ ಹಾಕಿ ಬರೆದಿದ್ದ. “ಇದಂತೂ ಪಕ್ಕಾ ಅಮೆರಿಕದ್ದು, ಹೌದಲ್ಲ ಮುತ್ಯಾ?” ಎಂದಳು. ನನಗೆ ಮಾತು ಹೊರಡಲಿಲ್ಲ.

ಬಿ.ಎಡ್. ಮುಗಿಸಿ ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಉತ್ತರದಲ್ಲಿ ಇದೇ ಶಬ್ದವನ್ನು ಝಡ್ ಹಾಕಿ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದೆ. ಆ ಹುಡುಗ ಕಡುಬಡವ, ಪುಸ್ತಕಗಳೇ ಅವನ ಆಸ್ತಿ. ಮರುದಿನ ಎದ್ದು ನಿಂತು, “ಸರ್, ಡಿಕ್ಷನರಿಯಾಗ ಹಿಂಗ ಐತ್ರಿ” ಎಂದ. “ಅದು ಅಮೆರಿಕದ್ದು ಇರಬೇಕು, ಇಲ್ಲಿ ನಡೆಯೋದಿಲ್ಲ, ಕೂಡು” ಎಂದೆ. ಇಡೀ ತರಗತಿ ನಕ್ಕಿತು. ಅವನು ಕುಳಿತ. ಯಾವ ಡಿಕ್ಷನರಿ ಎಂದು ಕೇಳುವ ಸೌಜನ್ಯವನ್ನೂ ನಾನು ತೋರಲಿಲ್ಲ. ಅನೇಕ ವರ್ಷಗಳ ನಂತರ ಬೇರೆ ಯಾವುದೋ ಶಬ್ದಕ್ಕಾಗಿ ನನ್ನದೇ ಆಕ್ಸ್‌ಫರ್ಡ್ ನಿಘಂಟನ್ನು ತೆರೆದಾಗ ಕಂಡಿತು, ರಿಯಲೈಸ್ ಶಬ್ದಕ್ಕೆ ಆಕ್ಸ್‌ಫರ್ಡಿನವರು ಮೊದಲು ಕೊಟ್ಟಿರುವ ರೂಪ ಝಡ್ ಇರುವುದೇ!

ಅದರ ಹಿನ್ನೆಲೆ ಹೀಗಿದೆ. ಈ ಬಾಲ ಗ್ರೀಕ್ ಭಾಷೆಯಿಂದ ಬಂದದ್ದು, ಅಲ್ಲಿ ಅದಕ್ಕೆ ಝಡ್ ಇದೆ. ಫ್ರೆಂಚರು ಎಸ್ ಮಾಡಿಕೊಂಡರು. ಮೂಲ ಗ್ರೀಕ್ ಆದ ಮೇಲೆ ಫ್ರೆಂಚರ ರೂಪ ಏಕೆ ಬೇಕು ಎಂಬುದು ಆಕ್ಸ್‌ಫರ್ಡಿನ ವಿದ್ವಾಂಸರ ನಿಲುವು. ಅವರ ದೊಡ್ಡ ನಿಘಂಟೂ, ಅವರ ಮುದ್ರಣಾಲಯದ ನಿಯಮಗಳೂ ಝಡ್ ಪಕ್ಷದವು. ಆದರೆ ಬ್ರಿಟನ್ನಿನ ಬಹುತೇಕ ಪತ್ರಿಕೆಗಳೂ ಸಾಮಾನ್ಯ ಜನರೂ ಎಸ್ ಬರೆಯುತ್ತಾರೆ, ನಮ್ಮಲ್ಲಿಯೂ ಅದೇ ಹೆಚ್ಚು ರೂಢಿ. ಎಂದರೆ ಈ ಶಬ್ದದಲ್ಲಿ ಝಡ್ ಕಂಡರೆ ಅದು ಅಮೆರಿಕದ್ದೆಂದು ಹೇಳಲು ಬರುವುದಿಲ್ಲ, ತಪ್ಪೆಂದು ಅಂಕ ಕಳೆಯಲಂತೂ ಬರುವುದೇ ಇಲ್ಲ. ಅನಲೈಸ್ ಶಬ್ದದ ಮಾತು ಬೇರೆ. ಅದು ಅನಾಲಿಸಿಸ್ ಶಬ್ದದಿಂದ ಬಂದದ್ದು, ಆ ಗ್ರೀಕ್ ಬಾಲ ಅದಕ್ಕಿಲ್ಲ. ಅಲ್ಲಿ ಆಕ್ಸ್‌ಫರ್ಡ್ ಕೂಡ ಎಸ್ ಬರೆಯುತ್ತದೆ, ಝಡ್ ಇದ್ದರೆ ಅಮೆರಿಕದ್ದೆಂದು ತಿಳಿಯಬಹುದು. ಸರ್‌ಪ್ರೈಸ್, ಅಡ್ವರ್ಟೈಸ್, ಎಕ್ಸರ್‌ಸೈಸ್ ಶಬ್ದಗಳಿಗೆ ಅಮೆರಿಕದಲ್ಲಿಯೂ ಎಸ್ ಅಕ್ಷರವೇ.

ಹುಡುಗಿಗೆ ಹೇಳಿದೆ, ನಿನ್ನ ಪಠ್ಯಪುಸ್ತಕದಲ್ಲಿ ಎಸ್ ಇದೆ, ನೀನು ಎಸ್ ಬರೆ. ಆದರೆ ಒಂದೇ ಪ್ರಬಂಧದಲ್ಲಿ ಒಂದು ಕಡೆ ಎಸ್, ಇನ್ನೊಂದು ಕಡೆ ಝಡ್ ಬೇಡ. ಅಣ್ಣ ಬರೆದದ್ದು ತಪ್ಪು ಎಂದು ಮಾತ್ರ ಅವನಿಗೆ ತಿಳಿಸಬೇಡ. (ಆ ಹಳೆಯ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ: ಆ ಅರ್ಧ ಅಂಕ ನಿನ್ನದೇ ಆಗಿತ್ತು, ತಮ್ಮಾ. ಅಂದು ನಕ್ಕವರ ಮುಂದೆ ಹೇಳಬೇಕಾಗಿದ್ದ ಮಾತನ್ನು ಇಷ್ಟು ತಡವಾಗಿ ಇಲ್ಲಿ ಹೇಳುತ್ತಿದ್ದೇನೆ.)

ಮೂರನೆಯ ಹಾಳೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿತ್ತು. ಸ್ಪೆಲ್ಲಿಂಗ್ ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಶಬ್ದವೇ ಬೇರೆಯಾದರೆ ಅರ್ಥ ಸದ್ದಿಲ್ಲದೆ ಕೆಡುತ್ತದೆ. ಹುಡುಗಿ ತನ್ನ ಮೂಲದಲ್ಲಿ ಜೋಳಕ್ಕೆ ಜವಾರ್ ಎಂದು ಬರೆದಿದ್ದಳು. ಇಂಗ್ಲಿಷಿನಲ್ಲಿ ಅದು ಭಾರತದ ಮಟ್ಟಿಗೆ ಸರಿಯಾದ ಶಬ್ದ. ಅಣ್ಣನಿಗೆ ಅದು ತಿಳಿಯದೆ, ಎತ್ತರದ ದಂಟು, ತೆನೆ ಎಂಬ ವರ್ಣನೆ ನೋಡಿ ಕಾರ್ನ್ ಎಂದು ತಿದ್ದಿದ್ದ. ಅಮೆರಿಕದಲ್ಲಿ ಕಾರ್ನ್ ಎಂದರೆ ಗೋವಿನಜೋಳ, ಮೆಕ್ಕೆಜೋಳ. ಹಿಂಗಾರಿನಲ್ಲಿ ಎರಿಹೊಲದಲ್ಲಿ ನಿಂತ ಬಿಳಿಜೋಳಕ್ಕೆ ಚರಗ ಚೆಲ್ಲಿದ ನಮ್ಮ ಜನ ಆ ಒಂದು ಶಬ್ದದಿಂದ ಗೋವಿನಜೋಳ ಪೂಜಿಸಿದಂತಾಯಿತು! ಆದರೆ ಬ್ರಿಟಿಷರ ಹಳೆಯ ಬಳಕೆಯಲ್ಲಿ ಕಾರ್ನ್ ಎಂದರೆ ಗೋವಿನಜೋಳವೂ ಅಲ್ಲ, ಧಾನ್ಯ ಎಂದಷ್ಟೇ ಅರ್ಥ. ಇಂಗ್ಲೆಂಡಿನಲ್ಲಿ ಮುಖ್ಯವಾಗಿ ಗೋಧಿ. ಇತಿಹಾಸದ ಪಾಠದಲ್ಲಿ ಬರುವ ಕಾರ್ನ್ ಕಾನೂನುಗಳು, ಅಂದರೆ 1815ರಿಂದ 1846ರವರೆಗೆ ಇಂಗ್ಲೆಂಡಿನಲ್ಲಿದ್ದ ಧಾನ್ಯದ ಆಮದು ಸುಂಕದ ಕಾನೂನುಗಳು, ಗೋವಿನಜೋಳಕ್ಕಾಗಿ ಮಾಡಿದವಲ್ಲ. ನಾನು ಪಾಠ ಹೇಳುವಾಗ ಎಷ್ಟೋ ಮಕ್ಕಳು ಹಾಗೆ ತಿಳಿದು ಉತ್ತರ ಬರೆದದ್ದನ್ನು ಕಂಡಿದ್ದೇನೆ.

ಇದಕ್ಕೊಂದು ಮೂರನೆಯ ಮುಖವೂ ಇದೆ. 1884ರಲ್ಲಿ ಅಚ್ಚಾದ ಮುಂಬಯಿ ಇಲಾಖೆಯ ಗೆಝೆಟಿಯರ್ ಮಾಲೆಯ ಬಿಜಾಪುರ ಸಂಪುಟದಲ್ಲಿ ನಮ್ಮ ಜೋಳವನ್ನು ಇಂಡಿಯನ್ ಮಿಲೆಟ್ ಎಂದು ಕರೆದಿದ್ದಾರೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇಂಡಿಯನ್ ಕಾರ್ನ್ ಎಂದರೆ ಗೋವಿನಜೋಳ. ಅಲ್ಲಿಯ ‘ಇಂಡಿಯನ್’ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಎರಡನ್ನೂ ಒಂದೇ ಎಂದು ತಿಳಿದವನು ನಮ್ಮ ಸೀಮೆಯ ಬೆಳೆಯ ಇತಿಹಾಸವನ್ನೇ ತಪ್ಪಾಗಿ ಓದುತ್ತಾನೆ. ಹುಡುಗಿಗೆ ಹೇಳಿದೆ, ಇಲ್ಲಿ ಬ್ರಿಟಿಷ್ ಶಬ್ದವೂ ಬೇಡ, ಅಮೆರಿಕದ್ದೂ ಬೇಡ, ನಿನ್ನ ಜವಾರ್ ಅನ್ನೇ ಇಟ್ಟುಕೋ. ಬೇಕಾದರೆ ಮೊದಲ ಸಲ ಬಂದಾಗ ಅದು ಸೋರ್ಗಮ್ ಎಂದು ಒಂದು ಮಾತು ಸೇರಿಸು.

ಇದೇ ರೀತಿ ಕೆರೆಗೆ ಆಕೆ ಟ್ಯಾಂಕ್ ಎಂದು ಬರೆದಿದ್ದಳು. ನಮ್ಮ ಸರಕಾರಿ ದಾಖಲೆಗಳಲ್ಲೆಲ್ಲ ಕೆರೆ ಎಂದರೆ ಟ್ಯಾಂಕೇ. “ದನಗಳು ಟ್ಯಾಂಕಿನಲ್ಲಿ ನೀರು ಕುಡಿದವು ಎಂದರೆ ಅರ್ಥವಾಗಲಿಲ್ಲ” ಎಂದು ಅಣ್ಣ ಪಕ್ಕದಲ್ಲಿ ಬರೆದಿದ್ದ. ಅವನ ಕಣ್ಣ ಮುಂದೆ ಮನೆಯ ಮೇಲಿನ ನೀರಿನ ತೊಟ್ಟಿಯೋ, ಯುದ್ಧದ ಟ್ಯಾಂಕೋ ಬಂದಿರಬೇಕು. ಬದನೆಕಾಯಿಗೆ ಆಕೆ ಬ್ರಿಂಜಾಲ್ ಎಂದರೆ ಅವನು ಎಗ್‌ಪ್ಲಾಂಟ್ ಮಾಡಿದ್ದ. ಬ್ರಿಟನ್ನಿನಲ್ಲಿ ಅದು ಓಬರ್ಜೀನ್. ನಮ್ಮ ಬ್ರಿಂಜಾಲ್ ಪೋರ್ತುಗೀಜರಿಂದ ಬಂದದ್ದು, ಲಂಡನ್ನಿನ ಕಾಯಿಪಲ್ಯದ ಅಂಗಡಿಯಲ್ಲಿ ಎಲ್ಲರಿಗೂ ತಿಳಿಯುವ ಶಬ್ದವಲ್ಲ. ಹಾಗಾದರೆ ‘ಬ್ರಿಟಿಷ್ ಮಾಡು’ ಎಂದು ಕೇಳಿದ್ದರೆ ಎಳ್ಳ ಅಮಾವಾಸ್ಯೆಯ ಬುತ್ತಿಯಲ್ಲಿ ಓಬರ್ಜೀನಿನ ಎಣ್ಣೆಗಾಯಿ ಬರುತ್ತಿತ್ತು! ಹುಡುಗಿ ಬಿದ್ದು ಬಿದ್ದು ನಕ್ಕಳು. ನಮಗೆ ಬೇಕಾದದ್ದು ಬ್ರಿಟಿಷ್ ಕಾಗುಣಿತದಲ್ಲಿ ಬರೆದ ಭಾರತದ ಇಂಗ್ಲಿಷ್ ಎಂಬುದು ಆಗ ಆಕೆಗೆ ಹೊಳೆಯಿತು.

ನಮ್ಮ ಕನ್ನಡದೊಳಗೆ ಸೇರಿಹೋದ ಶಬ್ದಗಳನ್ನು ನೋಡಿದರೂ ಇದು ತಿಳಿಯುತ್ತದೆ. ಪೆಟ್ರೋಲು, ಟಾರ್ಚು, ಬಿಸ್ಕೀಟು, ಲಾರಿ, ಲಿಫ್ಟು, ಇವೆಲ್ಲ ಬ್ರಿಟಿಷರಿಂದ ಬಂದವು. ಅಮೆರಿಕದಲ್ಲಿ ಇವಕ್ಕೆ ಕ್ರಮವಾಗಿ ಗ್ಯಾಸ್, ಫ್ಲ್ಯಾಶ್‌ಲೈಟ್, ಕುಕಿ, ಟ್ರಕ್, ಎಲಿವೇಟರ್ ಎನ್ನುತ್ತಾರೆ. ಆದರೆ ಪೊಟ್ಟಣದಲ್ಲಿ ಸಿಗುವ ಆಲೂಗಡ್ಡೆಯ ಚಿಪ್ಸ್ ಇದೆಯಲ್ಲ, ಅದು ಅಮೆರಿಕದ ಅರ್ಥ. ಬ್ರಿಟನ್ನಿನಲ್ಲಿ ಅದು ಕ್ರಿಸ್ಪ್ಸ್. ಚಿಪ್ಸ್ ಎಂದರೆ ಅಲ್ಲಿ ದಪ್ಪಗೆ ಹೆಚ್ಚಿ ಬಿಸಿಬಿಸಿಯಾಗಿ ಕರಿದು ಕೊಡುವಂಥದು.

ನಾಲ್ಕನೆಯ ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅನಾಹುತವಿತ್ತು, ಅದು ಒಂದು ತಾರೀಖು. ತಾನು ಅಜ್ಜಿಯೊಡನೆ ಮೊದಲ ಬಾರಿ ಚರಗ ಚೆಲ್ಲಿದ ದಿನವನ್ನು ಹುಡುಗಿ 11/1/2024 ಎಂದು ಬರೆದಿದ್ದಳು. ಆ ವರ್ಷ ಎಳ್ಳ ಅಮಾವಾಸ್ಯೆ ಜನವರಿ 11ರಂದು ಬಂದಿತ್ತು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವವರು. ಅಣ್ಣ ಅದನ್ನು ಅಂದವಾಗಿ ಅಕ್ಷರಗಳಲ್ಲಿ ಬಿಡಿಸಿ ‘ನವೆಂಬರ್ 1, 2024’ ಮಾಡಿದ್ದ. ರಾಜ್ಯೋತ್ಸವದ ದಿನ ನಮ್ಮೂರಿನಲ್ಲಿ ಎಳ್ಳ ಅಮಾವಾಸ್ಯೆ! ಇದನ್ನು ಯಾವ ಸ್ಪೆಲ್ಲಿಂಗ್ ಪರೀಕ್ಷೆಯೂ ಹಿಡಿಯಲಾರದು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದೇ ಇದಕ್ಕಿರುವ ಉಪಾಯ.

ಕಂಪ್ಯೂಟರಿನ ಸಂಗತಿಯನ್ನೂ ಒಂದಿಷ್ಟು ಹೇಳುತ್ತೇನೆ. ಆಕೆ ತನ್ನ ತಂದೆಯ ಲ್ಯಾಪ್‌ಟಾಪಿನಲ್ಲಿ ವರ್ಡ್ ಬಳಸುತ್ತಾಳೆ. ಅದರಲ್ಲಿ ಅವಳು ಸರಿಯಾಗಿ ಬರೆದ ಶಬ್ದಗಳ ಕೆಳಗೇ ಕೆಂಪು ಗೆರೆ ಬರುತ್ತಿತ್ತು, ಅಣ್ಣನ ಶಬ್ದಗಳ ಕೆಳಗೆ ಇರಲಿಲ್ಲ. ಅಲ್ಲಿ ಭಾಷೆ English (United States) ಎಂದು ಇದ್ದದ್ದೇ ಕಾರಣ. ಮೊದಲು Ctrl+A ಒತ್ತಿ ಎಲ್ಲವನ್ನೂ ಆರಿಸಿಕೊಂಡು, Review ಎಂಬಲ್ಲಿ Language, ಅದರಲ್ಲಿ Set Proofing Language ತೆರೆದು, English (India) ಅಥವಾ English (United Kingdom) ಆರಿಸಬೇಕು. ಎಲ್ಲವನ್ನೂ ಆರಿಸಿಕೊಳ್ಳುವುದು ಮುಖ್ಯ. ಬೇರೆಯವರ ಪತ್ರದಿಂದ ತಂದು ಅಂಟಿಸಿದ ಭಾಗ ತನ್ನ ಭಾಷೆಯ ಗುರುತನ್ನು ತನ್ನೊಡನೆ ತರುತ್ತದೆ. ಆಕೆ ಮೊದಲು ಇದನ್ನು ಮಾಡದೆ ಹೊಸದಾಗಿ ಬರೆಯುವುದಕ್ಕಷ್ಟೇ ಭಾಷೆ ಬದಲಾಯಿಸಿದ್ದರಿಂದ ಅರ್ಧ ಪ್ರಬಂಧ ಭಾರತದಲ್ಲಿಯೂ ಅರ್ಧ ಅಮೆರಿಕದಲ್ಲಿಯೂ ಇತ್ತು. ಹೀಗೆ ಮಾಡಿದ ಮೇಲೂ ಯಂತ್ರಕ್ಕೆ ಹಿಡಿಯಲಾಗದ ಶಬ್ದಗಳಿವೆ. ಚೆಕ್ ಎಂದರೆ ಬ್ಯಾಂಕಿನ ಚೀಟಿಯೂ ಹೌದು, ಪರೀಕ್ಷಿಸುವುದೂ ಹೌದು. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಸ್ಪೆಲ್ಲಿಂಗ್, ಅಮೆರಿಕದಲ್ಲಿ ಒಂದೇ. ಅಮೆರಿಕದ ರೂಪ ನಮ್ಮಲ್ಲಿಯೂ ಬೇರೆ ಅರ್ಥದಲ್ಲಿ ಇರುವುದರಿಂದ ಗೆರೆ ಬೀಳುವುದಿಲ್ಲ. ಗಾಡಿಯ ಟೈರ್, ಕಟ್ಟಡದ ಅಂತಸ್ತಿನ ಸ್ಟೋರಿ, ಇವೂ ಹಾಗೆಯೇ. ಅವನ್ನು ಕಣ್ಣಿನಿಂದಲೇ ಹುಡುಕಬೇಕು.

ಎರಡನೆಯ ಸಂಜೆ ಆಕೆ ಅಣ್ಣನಿಗೆ ಪತ್ರ ಬರೆದಳು. ನಾನು ಹೇಳಿಕೊಟ್ಟದ್ದಕ್ಕಿಂತ ಅವಳೇ ಬರೆದದ್ದು ಹೆಚ್ಚು. ಸಾರಾಂಶ ಇಷ್ಟು: “ಅಣ್ಣಾ, ನೀನು ತಿದ್ದಿದ ವಾಕ್ಯಗಳು ಬಹಳ ಚೆನ್ನಾಗಿವೆ. ಇದು ಇಲ್ಲಿನ ಶಾಲೆಗೆ ಕೊಡುವ ಪ್ರಬಂಧ. ಆದ್ದರಿಂದ ಕಲರ್, ನೇಬರ್ ಶಬ್ದಗಳಿಗೆ ಯು ಇರಲಿ, ಕಿಲೋಮೀಟರ್ ಆರ್-ಇ ಆಗಲಿ, ಟ್ರಾವೆಲ್ಡ್ ಶಬ್ದಕ್ಕೆ ಎರಡು ಎಲ್ ಇರಲಿ, ರಿಯಲೈಸ್ ಶಬ್ದಕ್ಕೆ ಎಸ್ ಇರಲಿ. ತಾರೀಖಿನಲ್ಲಿ ದಿನ ಮೊದಲು, ತಿಂಗಳು ಅಕ್ಷರದಲ್ಲಿ. ಜವಾರ್, ಟ್ಯಾಂಕ್, ಬ್ರಿಂಜಾಲ್ ಹಾಗೆಯೇ ಇರಲಿ, ಅರ್ಥ ಕೆಳಗೆ ಬರೆದಿದ್ದೇನೆ. ಉಳಿದ ಯಾವುದರಲ್ಲಿ ಸಂಶಯ ಬಂದರೂ ಬದಲಾಯಿಸದೆ ಗುರುತು ಹಾಕಿ ಕಳಿಸು, ಮುತ್ಯಾ ನೋಡ್ತಾರೆ.”

ಕೊನೆಯ ಮಾತು ನನಗೆ ಒಪ್ಪಿಗೆಯಾಯಿತು. ತಿದ್ದುವವನು ತನಗೆ ಗೊತ್ತಿಲ್ಲದ್ದನ್ನು ತನಗೆ ಗೊತ್ತಿದ್ದದ್ದಾಗಿ ಬದಲಾಯಿಸಿದ್ದರಿಂದಲೇ ಜೋಳವೂ ತಾರೀಖೂ ಕೆಟ್ಟದ್ದು. ನಾನು ಆ ಹುಡುಗನ ಝಡ್ ಅಕ್ಷರಕ್ಕೆ ಮಾಡಿದ್ದೂ ಅದನ್ನೇ.

ಮೂರು ದಿನಗಳಲ್ಲಿ ಉತ್ತರ ಬಂತು. ಕೇಳಿದ್ದನ್ನೆಲ್ಲ ಮಾಡಿದ್ದ. ಎರಡು ಕಡೆ ಗುರುತು ಹಾಕಿದ್ದ. ಒಂದು ಹ್ಯೂಮರಸ್ ಶಬ್ದ, ಅದಕ್ಕೆ ಯು ಬೇಕೋ ಬೇಡವೋ ಎಂದು. ಇನ್ನೊಂದು ಪ್ರಶ್ನೆ ಭಾಷೆಯದಲ್ಲ. “ಚರಗ ಚೆಲ್ಲುವಾಗ ಏನೋ ಕೂಗುತ್ತಾರೆ ಎಂದು ಬರೆದಿದ್ದೀಯಲ್ಲ, ಏನು ಕೂಗುತ್ತಾರೆ? ಅಪ್ಪನನ್ನು ಕೇಳಿದೆ, ನಾನು ಹೇಳಿದರೆ ಸರಿಹೋಗುವುದಿಲ್ಲ, ಊರಿಗೆ ಹೋದಾಗ ಕೇಳು ಎಂದರು” ಎಂದು ಬರೆದಿದ್ದ. ಹುಡುಗಿ ನನ್ನ ಕಡೆ ನೋಡಿದಳು. ಮುಂದಿನ ಎಳ್ಳ ಅಮಾವಾಸ್ಯೆಗೆ ಅಪ್ಪನನ್ನೂ ಕರೆದುಕೊಂಡು ಬರಲು ಹೇಳು ಎಂದೆ. ತಾರೀಖನ್ನು ತಿಂಗಳ ಹೆಸರು ಬರೆದೇ ಕಳುಹಿಸಿದ್ದಾಳೆ.